ಲೋಡ್ ಇಳಿಸಿದ ಮೇಲೆ ರಾಡ್ ಎಲ್ಲಿ ನಿಲ್ಲುತ್ತದೆ?

(ಹುಬ್ಬಳ್ಳಿಯಲ್ಲಿ ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ. ಬೋರ್ಡಿನ ಮೇಲೆ ಮಾಡಿದ ಲೆಕ್ಕಗಳನ್ನು ಮಾತಿನೊಳಗೇ ಸೇರಿಸಿದ್ದೇನೆ.)

ಮೇಜಿನ ಮೇಲೆ ಎರಡು ರಾಡ್‌ಗಳಿವೆ. ಎರಡೂ 12 ಮಿ.ಮೀ. ವ್ಯಾಸದವು, ಎರಡೂ ಒಂದು ಮೀಟರ್ ಉದ್ದ. ಒಂದು ನುಣುಪಾದ ಮೈಲ್ಡ್ ಸ್ಟೀಲ್ ರಾಡ್, ಇನ್ನೊಂದು ನೀವು ಎಲ್ಲ ಸೈಟುಗಳಲ್ಲಿ ನೋಡುವ ಏಣುಗಳಿರುವ ಟಿಎಂಟಿ. ಸ್ಟ್ರೆಸ್, ಸ್ಟ್ರೇನ್, ಎಲಾಸ್ಟಿಕ್ ಲಿಮಿಟ್ ಎಂಬ ಮೂರು ಮಾತುಗಳ ವ್ಯಾಖ್ಯೆಯನ್ನು ನೀವು ಈಗಾಗಲೇ ಬರೆದುಕೊಂಡಿದ್ದೀರಿ, ಪ್ರತಿಬಲ, ವಿಕೃತಿ, ಸ್ಥಿತಿಸ್ಥಾಪಕ ಮಿತಿ ಎಂದು ಕನ್ನಡದಲ್ಲೂ ಬರೆದುಕೊಂಡಿದ್ದೀರಿ. ಅವನ್ನು ಮತ್ತೆ ಹೇಳುವುದಿಲ್ಲ. ಈ ರಾಡ್ ಅನ್ನು ಎಳೆದು ಬಿಟ್ಟರೆ ಅದು ಎಲ್ಲಿಗೆ ಮರಳುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೋಗೋಣ.

ಮೊದಲು ನುಣುಪಾದ ರಾಡ್. ಇದರ ಮೇಲಿನ ತುದಿಯನ್ನು ಗಟ್ಟಿಯಾಗಿ ಹಿಡಿದು ಕೆಳ ತುದಿಗೆ 10 ಕಿಲೋನ್ಯೂಟನ್ ತೂಗುಹಾಕಿದೆವು ಎಂದುಕೊಳ್ಳಿ. ಅದು ಇಪ್ಪತ್ತು ಚೀಲ ಸಿಮೆಂಟಿನ ಭಾರಕ್ಕಿಂತ ತುಸು ಹೆಚ್ಚು. ಈಗ ರಾಡ್ ಅನ್ನು ಮನಸ್ಸಿನಲ್ಲಿಯೇ ನಡುವೆ ಅಡ್ಡಲಾಗಿ ಕತ್ತರಿಸಿ. ಕೆಳಗಿನ ತುಂಡು ಬೀಳದೆ ನಿಂತಿದೆ ಎಂದರೆ ಮೇಲಿನ ತುಂಡು ಅದನ್ನು 10 ಕಿಲೋನ್ಯೂಟನ್‌ನಿಂದ ಹಿಡಿದುಕೊಂಡಿದೆ. ಆ ಹಿಡಿತ ಒಂದೇ ಬಿಂದುವಿನಲ್ಲಿ ಇಲ್ಲ, ಕತ್ತರಿಸಿದ ಇಡೀ ಮುಖದ ಮೇಲೆ ಹರಡಿದೆ. 12 ಮಿ.ಮೀ. ವ್ಯಾಸದ ವೃತ್ತದ ಕ್ಷೇತ್ರಫಲ 113.1 ಚದರ ಮಿ.ಮೀ. ಹತ್ತು ಸಾವಿರ ನ್ಯೂಟನ್‌ಗಳನ್ನು ಅದರಿಂದ ಭಾಗಿಸಿದರೆ ಪ್ರತಿ ಚದರ ಮಿ.ಮೀ.ಗೆ 88.4 ನ್ಯೂಟನ್ ಬರುತ್ತದೆ. ಸ್ಟ್ರೆಸ್ ಎಂದರೆ ಇದೇ. ಸಾಸಿವೆ ಕಾಳಿಗಿಂತ ಚಿಕ್ಕ ಜಾಗ ಸುಮಾರು ಒಂಬತ್ತು ಕೆ.ಜಿ. ಭಾರ ಹೊತ್ತು ನಿಂತಿದೆ.

ಈ ಲೆಕ್ಕದಲ್ಲಿ ಲೋಡ್ ಬಂತು, ಕ್ಷೇತ್ರಫಲ ಬಂತು. ಉಕ್ಕು ಎಂಬ ಮಾತು ಎಲ್ಲಿಯೂ ಬರಲಿಲ್ಲ. ಇದೇ ಅಳತೆಯ ಅಲ್ಯೂಮಿನಿಯಂ ರಾಡ್‌ಗೆ ಇದೇ ಭಾರ ಹಾಕಿದರೂ ಸ್ಟ್ರೆಸ್ 88.4 ನ್ಯೂಟನ್ನೇ. ವಸ್ತು ಯಾವುದು ಎಂಬ ಪ್ರಶ್ನೆ ಸ್ಟ್ರೇನ್‌ಗೆ ಬಂದಾಗ ಏಳುತ್ತದೆ.

ಟಿಎಂಟಿ ರಾಡ್‌ನ ಕ್ಷೇತ್ರಫಲದ ಬಗ್ಗೆ ಒಂದು ಮಾತು. ಏಣುಗಳಿರುವುದರಿಂದ ವರ್ನಿಯರ್ ಇಟ್ಟು ವ್ಯಾಸ ಅಳೆಯಲು ಹೋದರೆ ಒಂದು ಕಡೆ ಹನ್ನೊಂದೂವರೆ, ಇನ್ನೊಂದು ಕಡೆ ಹದಿಮೂರು ಎಂದು ತೋರಿಸುತ್ತದೆ. ಹಾಗಾಗಿ ಐಎಸ್ 1786 ಅದನ್ನು ತೂಕದಿಂದ ಕಂಡುಹಿಡಿಯಲು ಹೇಳುತ್ತದೆ. ಒಂದು ಮೀಟರ್ ತುಂಡಿನ ತೂಕವನ್ನು ಕೆ.ಜಿ.ಯಲ್ಲಿ ತೆಗೆದುಕೊಂಡು 0.00785ರಿಂದ ಭಾಗಿಸಿದರೆ ಚದರ ಮಿ.ಮೀ.ನಲ್ಲಿ ಕ್ಷೇತ್ರಫಲ ಸಿಗುತ್ತದೆ. ಸರಿಯಾದ 12 ಮಿ.ಮೀ. ರಾಡ್ ಮೀಟರ್‌ಗೆ 0.888 ಕೆ.ಜಿ. ತೂಗುತ್ತದೆ. ಅದು 0.840 ತೂಗಿದರೆ ಕ್ಷೇತ್ರಫಲ 107ಕ್ಕೆ ಇಳಿಯುತ್ತದೆ, ಅದೇ 10 ಕಿಲೋನ್ಯೂಟನ್‌ಗೆ ಸ್ಟ್ರೆಸ್ 93.5ಕ್ಕೆ ಏರುತ್ತದೆ. ಸೈಟಿನಲ್ಲಿ ರಾಡ್ ಇಳಿಸಿಕೊಳ್ಳುವಾಗ ತೂಕದ ಕಡೆ ಕಣ್ಣಿಡುವುದು ಬರೀ ಹಣದ ಲೆಕ್ಕಕ್ಕಲ್ಲ.

ಈಗ ರಾಡ್ ಎಷ್ಟು ಹಿಗ್ಗಿತು ಎಂದು ನೋಡೋಣ. ಉಕ್ಕಿನ ಯಂಗ್ಸ್ ಮಾಡ್ಯುಲಸ್ ಪ್ರತಿ ಚದರ ಮಿ.ಮೀ.ಗೆ ಎರಡು ಲಕ್ಷ ನ್ಯೂಟನ್. 88.4 ಅನ್ನು ಎರಡು ಲಕ್ಷದಿಂದ ಭಾಗಿಸಿದರೆ 0.000442. ಇದು ಸ್ಟ್ರೇನ್, ಅಂದರೆ ಮೂಲ ಉದ್ದದ ಪ್ರತಿ ಭಾಗಕ್ಕೆ ಎಷ್ಟು ಭಾಗ ಹೆಚ್ಚಾಯಿತು ಎಂಬ ಅನುಪಾತ. ನಮ್ಮ ಒಂದು ಮೀಟರ್ ರಾಡ್ 0.44 ಮಿ.ಮೀ. ಹಿಗ್ಗಿದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಇಲ್ಲಿಂದ ರೈಲು ನಿಲ್ದಾಣಕ್ಕೆ ಹೋದರೆ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. ಆ ಪ್ಲಾಟ್‌ಫಾರ್ಮ್ ಉದ್ದಕ್ಕೂ ಇದೇ ರಾಡ್ ಮಲಗಿಸಿ, ಒಂದು ತುದಿ ಬಿಗಿದು ಇನ್ನೊಂದು ತುದಿಯನ್ನು ಇದೇ 10 ಕಿಲೋನ್ಯೂಟನ್‌ನಿಂದ ಎಳೆದರೆ, ಮೈ ಉಜ್ಜುವ ಘರ್ಷಣೆಯನ್ನು ಬಿಟ್ಟರೆ, ತುದಿ 66 ಸೆಂ.ಮೀ.ಗೂ ಹೆಚ್ಚು ಮುಂದೆ ಬರುತ್ತದೆ. ಹಿಗ್ಗು ಸಾವಿರದೈನೂರು ಪಟ್ಟು ಹೆಚ್ಚಾಯಿತು, ಸ್ಟ್ರೇನ್ ಮಾತ್ರ ಅದೇ 0.000442. ಉಕ್ಕಿನ ಒಳಗಿನ ಒಂದು ಕಣಕ್ಕೆ ತಾನು ಚಿಕ್ಕ ರಾಡ್‌ನಲ್ಲಿದ್ದೇನೆಯೋ ಉದ್ದ ರಾಡ್‌ನಲ್ಲಿದ್ದೇನೆಯೋ ಗೊತ್ತಿಲ್ಲ. ಅದು ಅನುಭವಿಸುವುದು ಸ್ಟ್ರೇನ್ ಅನ್ನು. ಸ್ಟ್ರೇನ್‌ಗೆ ಏಕಮಾನ ಏಕೆ ಇಲ್ಲ ಎಂದು ವೈವಾದಲ್ಲಿ ಕೇಳಿದರೆ ಈ ಪ್ಲಾಟ್‌ಫಾರ್ಮ್ ನೆನಪಿಸಿಕೊಳ್ಳಿ.

ಈಗ ಒಂದು ಪ್ರಶ್ನೆ. ಪಕ್ಕದಲ್ಲಿರುವ ಟಿಎಂಟಿ ರಾಡ್ ಎಫ್‌ಇ 500 ದರ್ಜೆಯದು, ನುಣುಪಾದದ್ದು 250ರದ್ದು. ಇದೇ 10 ಕಿಲೋನ್ಯೂಟನ್ ಹಾಕಿದರೆ ಯಾವುದು ಕಡಿಮೆ ಹಿಗ್ಗುತ್ತದೆ? ಟಿಎಂಟಿ ಎಂದು ಹೆಚ್ಚಿನವರು ಕೈ ಎತ್ತಿದಿರಿ. ಇಲ್ಲ, ಎರಡೂ ಅಷ್ಟೇ ಹಿಗ್ಗುತ್ತವೆ, 0.44 ಮಿ.ಮೀ. ಬಲ ಹೆಚ್ಚಿದ್ದರೆ ಬಿಗುವೂ ಹೆಚ್ಚಿರಬೇಕು ಎಂಬ ಊಹೆ ಎಷ್ಟು ಬಲವಾಗಿದೆ ಎಂದರೆ, ಕೆಲಸಕ್ಕೆ ಸೇರಿದ ಮೇಲೂ ಅದು ಬಿಡುವುದಿಲ್ಲ. ಬೀಮ್ ಬಾಗುತ್ತಿದೆ, 415ರ ಬದಲು ಅಷ್ಟೇ ಸಂಖ್ಯೆಯ 500ರ ರಾಡ್ ಹಾಕಿಬಿಡಿ ಎನ್ನುವವರನ್ನು ನೋಡಿದ್ದೇನೆ. ಬಾಗುವುದು ಅದರಿಂದ ಕಡಿಮೆಯಾಗುವುದಿಲ್ಲ. 500 ಎಂಬ ಸಂಖ್ಯೆ ಹೇಳುವುದು ರಾಡ್ ಎಷ್ಟು ದೂರದವರೆಗೆ ಮರಳಿ ಬರಬಲ್ಲದು ಎಂಬುದನ್ನು. ಆ ದೂರದಲ್ಲಿ ಅದು ಎಷ್ಟು ಬೇಗ ಹಿಗ್ಗುತ್ತದೆ ಎಂಬುದನ್ನು ಹೇಳುವುದು ಯಂಗ್ಸ್ ಮಾಡ್ಯುಲಸ್, ಅದು ಎರಡಕ್ಕೂ ಒಂದೇ.

ಲೋಡ್ ಇಳಿಸಿ. ಡಯಲ್ ಸೊನ್ನೆಗೆ ಬಂತು. 20 ಹಾಕಿ, ಹಿಗ್ಗು 0.88 ಮಿ.ಮೀ., ಇಳಿಸಿದರೆ ಮತ್ತೆ ಸೊನ್ನೆ. ಹೀಗೆ ಸೊನ್ನೆಗೆ ಮರಳುವವರೆಗೂ ನಾವು ಎಲಾಸ್ಟಿಕ್ ಲಿಮಿಟ್‌ನ ಒಳಗಿದ್ದೇವೆ. ಲೋಡ್ ಹೆಚ್ಚಿಸಿದ ಪ್ರಮಾಣದಲ್ಲೇ ಹಿಗ್ಗೂ ಹೆಚ್ಚುತ್ತದೆ ಎಂದು 1678ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ್ದು ಈ ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ.

ನುಣುಪಾದ ರಾಡ್‌ಗೆ ಯೀಲ್ಡ್ ಸರಿಯಾಗಿ 250ರಲ್ಲೇ ಬರುತ್ತದೆ ಎಂದು ಇಟ್ಟುಕೊಳ್ಳೋಣ. ನಿಜವಾಗಿ ಅದು ಕನಿಷ್ಠ ಮೌಲ್ಯ, ಒಳ್ಳೆಯ ರಾಡ್ ಅದಕ್ಕಿಂತ ಮೇಲೆಯೇ ಯೀಲ್ಡ್ ಆಗುತ್ತದೆ. 250 ಗುಣಿಸು 113.1, ಅಂದರೆ 28.3 ಕಿಲೋನ್ಯೂಟನ್. ಆಗ ಹಿಗ್ಗು 1.25 ಮಿ.ಮೀ. ಇಲ್ಲಿಯವರೆಗೆ ಲೋಡ್ ಮತ್ತು ಹಿಗ್ಗು ಜೊತೆಜೊತೆಯಾಗಿ ನಡೆದುಬಂದವು. ಈಗ ಒಂದು ವಿಚಿತ್ರ ನಡೆಯುತ್ತದೆ. ಯಂತ್ರ ಎಳೆಯುತ್ತಲೇ ಇದೆ, ರಾಡ್ ಹಿಗ್ಗುತ್ತಲೇ ಇದೆ, ಲೋಡಿನ ಮುಳ್ಳು ಮಾತ್ರ ನಿಂತಲ್ಲೇ ತಡವರಿಸುತ್ತದೆ, ಕೆಲವೊಮ್ಮೆ ತುಸು ಹಿಂದಕ್ಕೂ ಬರುತ್ತದೆ. ಲ್ಯಾಬಿನಲ್ಲಿ ಮೈಲ್ಡ್ ಸ್ಟೀಲ್ ಪರೀಕ್ಷೆ ಮಾಡುವಾಗ ಮೊಬೈಲ್ ಬದಿಗಿಟ್ಟು ಈ ಕ್ಷಣವನ್ನು ನೋಡಬೇಕು, ಒಮ್ಮೆ ತಪ್ಪಿದರೆ ಆ ತುಂಡಿನಲ್ಲಿ ಮತ್ತೆ ಹಾಗೆ ಸಿಗುವುದಿಲ್ಲ.

ಹಿಗ್ಗು 10 ಮಿ.ಮೀ. ಆಗುವವರೆಗೆ ಎಳೆಯಿರಿ. ಲೋಡ್ ಇನ್ನೂ 28.3ರ ಆಸುಪಾಸಿನಲ್ಲೇ ಇದೆ. ಈಗ ಪೂರ್ತಿ ಇಳಿಸಿ. ಮೇಜಿನ ಮೇಲಿಟ್ಟು ಅಳೆದರೆ ರಾಡ್ ಎಷ್ಟು ಉದ್ದ ಇರುತ್ತದೆ? ಎಲಾಸ್ಟಿಕ್ ಲಿಮಿಟ್ ದಾಟಿದೆವಲ್ಲ, ಆದ್ದರಿಂದ 1,010 ಮಿ.ಮೀ. ಎಂದು ಒಬ್ಬರು ಹೇಳಿದಿರಿ. ನಾನು ಈ ಉತ್ತರಕ್ಕಾಗಿಯೇ ಕಾಯುತ್ತಿದ್ದೆ. ಲಿಮಿಟ್ ದಾಟಿದ ಕೂಡಲೇ ರಾಡ್ ತನ್ನ ಸ್ಥಿತಿಸ್ಥಾಪಕತ್ವವನ್ನು ಕಳೆದುಕೊಳ್ಳುವುದಿಲ್ಲ. ಲೋಡ್ ಇಳಿಯುವಾಗ ಅದು ಏರಿದ ದಾರಿಗೆ ಸಮಾಂತರವಾದ ರೇಖೆಯಲ್ಲಿ ಇಳಿಯುತ್ತದೆ, ಅದೇ ಇಳಿಜಾರು, ಅದೇ ಎರಡು ಲಕ್ಷ. 250ರ ಸ್ಟ್ರೆಸ್ ಸೊನ್ನೆಗೆ ಬರುವಾಗ 1.25 ಮಿ.ಮೀ. ಹಿಂತಿರುಗುತ್ತದೆ. ಉಳಿಯುವುದು 8.75. ರಾಡ್‌ನ ಉದ್ದ ಈಗ 1,008.75 ಮಿ.ಮೀ. ಈ 8.75 ಮಿ.ಮೀ.ಗೆ ಪರ್ಮನೆಂಟ್ ಸೆಟ್ ಎಂದು ಹೆಸರು. ಅದೇ ರಾಡ್‌ಗೆ ಮತ್ತೆ ಲೋಡ್ ಹಾಕಿದರೆ ಈ ಹೊಸ ಉದ್ದದಿಂದ ಹೊರಟು, ಅದೇ ಇಳಿಜಾರಿನಲ್ಲಿ ಏರಿ, ಬಿಟ್ಟ ಜಾಗಕ್ಕೆ ಹೋಗಿ ಸೇರುತ್ತದೆ.

ಪುಸ್ತಕದ ಚಿತ್ರದಲ್ಲಿ ಪ್ರಪೋರ್ಷನಲ್ ಲಿಮಿಟ್, ಎಲಾಸ್ಟಿಕ್ ಲಿಮಿಟ್, ಯೀಲ್ಡ್ ಪಾಯಿಂಟ್ ಎಂದು ಮೂರು ಬಿಂದುಗಳು ಕಾಣುತ್ತವೆ. ಚಿತ್ರದಲ್ಲಿ ಕಾಣಲೆಂದು ಅವುಗಳ ನಡುವೆ ಜಾಗ ಬಿಟ್ಟಿರುತ್ತಾರೆ, ಉಕ್ಕಿನಲ್ಲಿ ಅವು ಬಹಳ ಹತ್ತಿರ. ಎಲಾಸ್ಟಿಕ್ ಲಿಮಿಟ್ ಅನ್ನು ನಿಜವಾಗಿ ಹಿಡಿಯಬೇಕಾದರೆ ಸ್ವಲ್ಪ ಹಾಕು, ಪೂರ್ತಿ ಇಳಿಸು, ಸೆಟ್ ಉಳಿಯಿತೇ ನೋಡು, ಇನ್ನೂ ಸ್ವಲ್ಪ ಹಾಕು ಎಂದು ದಿನವಿಡೀ ಕೂರಬೇಕು. ಅಷ್ಟು ಮಾಡಿದರೂ ಉತ್ತರ ನಿಮ್ಮ ಉಪಕರಣದ ಸೂಕ್ಷ್ಮತೆಯನ್ನು ಅವಲಂಬಿಸಿರುತ್ತದೆ. ಅದಕ್ಕೇ ಕೋಡ್‌ಗಳು ಯೀಲ್ಡ್ ಸ್ಟ್ರೆಸ್ ಕೇಳುತ್ತವೆ.

ಎಫ್‌ಇ 500 ರಾಡ್‌ಗಳಲ್ಲಿ ಎಲ್ಲವೂ ಮೈಲ್ಡ್ ಸ್ಟೀಲ್‌ನಂತೆ ಸ್ಪಷ್ಟವಾಗಿ ತಡವರಿಸಿ ನಿಲ್ಲುವುದಿಲ್ಲ. ಕೆಲವದರ ರೇಖೆ ಸದ್ದಿಲ್ಲದೆ ಬಾಗುತ್ತದೆ. ಎಲ್ಲಿ ಗೆರೆ ಎಳೆಯುವುದು? ಅದಕ್ಕಾಗಿ ಒಂದು ಒಪ್ಪಂದವಿದೆ: ಲೋಡ್ ಇಳಿಸಿದ ಮೇಲೆ 0.2 ಪ್ರತಿಶತ ಸೆಟ್ ಉಳಿಯುವ ಸ್ಟ್ರೆಸ್ಸನ್ನು ಪ್ರೂಫ್ ಸ್ಟ್ರೆಸ್ ಎನ್ನೋಣ. ಅದು 500 ಇದ್ದರೆ, ಆ ಸ್ಥಿತಿಯಲ್ಲಿ ಒಂದು ಮೀಟರ್ ರಾಡ್ 4.5 ಮಿ.ಮೀ. ಹಿಗ್ಗಿರುತ್ತದೆ. ಇಳಿಸಿದರೆ 2.5 ಮರಳುತ್ತದೆ, 2 ಮಿ.ಮೀ. ಉಳಿಯುತ್ತದೆ. ಅಂದರೆ ಪ್ರೂಫ್ ಸ್ಟ್ರೆಸ್ ಮುಟ್ಟಿದ ರಾಡ್ ಆಗಲೇ ಎಲಾಸ್ಟಿಕ್ ಲಿಮಿಟ್ ದಾಟಿದೆ. 500ರವರೆಗೆ ಇದು ಪೂರ್ತಿ ಎಲಾಸ್ಟಿಕ್ ಎಂದು ಉತ್ತರ ಪತ್ರಿಕೆಯಲ್ಲಿ ಬರೆಯಬೇಡಿ. ಮುಂದೆ ಐಎಸ್ 456 ಓದುವಾಗ ಸ್ಟ್ರೇನ್‌ನ ಸೂತ್ರದಲ್ಲಿ 0.002 ಎಂಬ ಸಂಖ್ಯೆ ಎದುರಾಗುತ್ತದೆ. ಅದು ಬಂದಿರುವುದು ಇಲ್ಲಿಂದಲೇ.

ಲ್ಯಾಬ್ ರೆಕಾರ್ಡ್‌ಗಳಲ್ಲಿ ಪದೇ ಪದೇ ಕಾಣುವ ಒಂದು ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ಯುಟಿಎಂ ಯಂತ್ರದ ಪಕ್ಕದಲ್ಲಿ ಒಂದು ಸ್ಕೇಲ್ ಇರುತ್ತದೆ, ಹಿಡಿಕೆಗಳು ಎಷ್ಟು ದೂರ ಸರಿದವು ಎಂದು ಅದು ತೋರಿಸುತ್ತದೆ. ಹಿಡಿಕೆಗಳ ನಡುವೆ 300 ಮಿ.ಮೀ. ರಾಡ್ ಇದೆ, 20 ಕಿಲೋನ್ಯೂಟನ್‌ಗೆ ಸ್ಕೇಲ್ 3 ಮಿ.ಮೀ. ತೋರಿಸಿತು ಎಂದುಕೊಳ್ಳಿ. ವಿದ್ಯಾರ್ಥಿ ಸ್ಟ್ರೇನ್ 0.01 ಎಂದು ಬರೆಯುತ್ತಾನೆ, 176.8 ಅನ್ನು ಅದರಿಂದ ಭಾಗಿಸುತ್ತಾನೆ, ಯಂಗ್ಸ್ ಮಾಡ್ಯುಲಸ್ ಸುಮಾರು 17,700 ಎಂದು ಅಂಡರ್‌ಲೈನ್ ಮಾಡಿ ಸಹಿಗೆ ತರುತ್ತಾನೆ. ಉಕ್ಕಿಗೆ ಇದು ಸಾಧ್ಯವೇ ಇಲ್ಲ. ಆ ಲೋಡ್‌ಗೆ 300 ಮಿ.ಮೀ. ಉಕ್ಕು ಹಿಗ್ಗುವುದು 0.27 ಮಿ.ಮೀ. ಮಾತ್ರ. ಉಳಿದ ಎರಡೂಮುಕ್ಕಾಲು ಮಿ.ಮೀ. ರಾಡ್‌ನದಲ್ಲ. ಹಿಡಿಕೆಯ ಹಲ್ಲುಗಳು ರಾಡ್ ಅನ್ನು ಕಚ್ಚಿಕೊಳ್ಳುವಾಗ ಜಾರಿದ್ದು, ಯಂತ್ರದ ಬಿಡಿಭಾಗಗಳ ಸಡಿಲು ಬಿಗಿಯಾದದ್ದು ಎಲ್ಲ ಅದರೊಳಗಿದೆ. ಆರಂಭದ ಭಾಗಕ್ಕೆ ರಾಡ್‌ನ ಮೈಗೇ ಕಟ್ಟಿದ ಎಕ್ಸ್‌ಟೆನ್ಸೋಮೀಟರ್‌ನ ಓದನ್ನೇ ಬಳಸಬೇಕು, ಯೀಲ್ಡ್ ಆದ ಮೇಲೆ, ತುಂಡಾಗುವ ಮೊದಲು, ಅದನ್ನು ಬಿಚ್ಚಿಟ್ಟುಬಿಡಬೇಕು. ನಿಮ್ಮ ಉತ್ತರ ಎರಡು ಲಕ್ಷದ ಆಸುಪಾಸಿನಲ್ಲಿ ಇಲ್ಲದಿದ್ದರೆ ಉಕ್ಕನ್ನು ದೂರುವ ಮೊದಲು ಅಳತೆಯನ್ನು ಅನುಮಾನಿಸಿ.

ಇನ್ನು ಲ್ಯಾಬಿನಿಂದ ಹೊರಗೆ ಬರೋಣ. ರಾಡ್‌ಗಳು ಸಾಮಾನ್ಯವಾಗಿ 12 ಮೀಟರ್ ಉದ್ದದಲ್ಲಿ ಬರುತ್ತವೆ. ಹುಬ್ಬಳ್ಳಿಯ ಅಂಗಡಿಯಿಂದ ಕುಂದಗೋಳದ ಕಡೆಗೋ ನವಲಗುಂದದ ಕಡೆಗೋ ಅವು ಹೋಗುವುದನ್ನು ನೋಡಿದ್ದೀರಿ. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ನೇರವಾಗಿ ಹೇರಿದ್ದರೆ ಹಿಂದೆ ಚಾಚಿದ ತುದಿಗಳು ಕೆಳಗೆ ಬಾಗಿ, ರಸ್ತೆಯ ಉಬ್ಬು ತಗ್ಗಿಗೆ ಕುಣಿಯುತ್ತ ಹೋಗುತ್ತವೆ. ಚಿಕ್ಕ ಟೆಂಪೋದಲ್ಲಾದರೆ ನಡುವೆ ಮಡಚಿ ಹಾಕಿರುತ್ತಾರೆ. ಸೈಟಿನಲ್ಲಿ ಇಳಿಸಿದಾಗ ಮೊದಲನೆಯದು ತಾನಾಗಿ ನೇರವಾಗುತ್ತದೆ, ಎರಡನೆಯದು ಮಡಚಿಯೇ ಇರುತ್ತದೆ. ವ್ಯತ್ಯಾಸವನ್ನು ನಮ್ಮ ಲೆಕ್ಕದಿಂದಲೇ ತೆಗೆಯಬಹುದು.

ರಾಡ್ ಬಾಗಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುಗೆರೆ ಮೊದಲಿನಂತೆಯೇ ಇರುತ್ತದೆ. ಹೊರಮೈಯ ಸ್ಟ್ರೇನ್ ಎಂದರೆ ರಾಡ್‌ನ ಅರ್ಧ ವ್ಯಾಸವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿದಷ್ಟು. ತ್ರಿಜ್ಯವನ್ನು ನಡುಗೆರೆಯವರೆಗೆ ಅಳೆಯಬೇಕು. ನಮ್ಮ ರಾಡ್‌ಗೆ ಅರ್ಧ ವ್ಯಾಸ 6 ಮಿ.ಮೀ. ಎಫ್‌ಇ 500 ಮರಳಬಲ್ಲ ಸ್ಟ್ರೇನ್ ಹೆಚ್ಚುಕಡಿಮೆ 0.0025. ಆರನ್ನು ಅದರಿಂದ ಭಾಗಿಸಿದರೆ 2,400 ಮಿ.ಮೀ. ಅಂದರೆ ಸುಮಾರು 2.4 ಮೀಟರ್ ತ್ರಿಜ್ಯದ ವೃತ್ತದಷ್ಟು ಬಾಗಿಸಿದರೂ ಈ ರಾಡ್ ಬಿಟ್ಟ ಕೂಡಲೇ ನೇರವಾಗುತ್ತದೆ. ಟ್ರೇಲರಿನ ಹಿಂದೆ ಕುಣಿಯುವ ತುದಿಯ ಬಾಗು ಇದಕ್ಕಿಂತ ಸಡಿಲ. ನುಣುಪಾದ ಮೈಲ್ಡ್ ಸ್ಟೀಲ್‌ಗೆ ಅದೇ ಮಿತಿ 4.8 ಮೀಟರ್, ಆದ್ದರಿಂದ ಅದು ಬೇಗ ಸೋತು ಬಾಗಿದಲ್ಲೇ ಉಳಿಯುತ್ತದೆ.

ಮಡಚಿದ ರಾಡ್ ನೋಡಿ. ಮಡಿಕೆಯ ಒಳ ತ್ರಿಜ್ಯ 150 ಮಿ.ಮೀ. ಎಂದುಕೊಂಡರೆ ನಡುಗೆರೆಗೆ 156. ಸ್ಟ್ರೇನ್ 0.038, ಮರಳಬಲ್ಲ ಮಿತಿಯ ಹದಿನೈದು ಪಟ್ಟು. ಅದು ಹೇಗೆ ತಾನೇ ನೇರವಾದೀತು? ಆದರೂ ಒಂದು ಚೂರು ಮರಳುತ್ತದೆ, ನಮ್ಮ ಹಿಂದಿನ ಲೆಕ್ಕದ 1.25 ಮಿ.ಮೀ. ಮರಳಿದ ಹಾಗೆಯೇ. ರಿಂಗ್ ಮಾಡುವವರು ಸರಳು ಬಾಗಿಸುವಾಗ ಬೇಕಾದ ಕೋನಕ್ಕಿಂತ ತುಸು ಮುಂದೆ ತಳ್ಳಿ ಬಿಡುವುದನ್ನು ಗಮನಿಸಿ. ಬಿಟ್ಟಾಗ ಅದು ಹಿಂದೆ ಬಂದು ಸರಿಯಾದ ಕೋನಕ್ಕೆ ನಿಲ್ಲುತ್ತದೆ. 500ರ ರಾಡ್ ಮೈಲ್ಡ್ ಸ್ಟೀಲ್‌ಗಿಂತ ಹೆಚ್ಚು ಹಿಂದೆ ಬರುತ್ತದೆ ಎಂಬುದು ಅವರ ಕೈಗೆ ಗೊತ್ತು. ಏಕೆ ಎಂಬುದು ಈಗ ನಿಮಗೆ ಗೊತ್ತು.

ಆ ಮಡಿಕೆಯನ್ನು ಸೈಟಿನಲ್ಲಿ ನೇರ ಮಾಡಿದಾಗ ಅದೇ ಜಾಗ ಎದುರು ದಿಕ್ಕಿನಲ್ಲಿ ಮತ್ತೆ ಅಷ್ಟೇ ಸ್ಟ್ರೇನ್ ಅನುಭವಿಸುತ್ತದೆ. ಒಳ್ಳೆಯ ರಾಡ್ ಅದನ್ನು ತಡೆಯಬೇಕು. ಐಎಸ್ 1786ರ ರೀಬೆಂಡ್ ಪರೀಕ್ಷೆ ಇರುವುದು ಅದಕ್ಕೇ: ರಾಡ್ ಬಾಗಿಸಿ, ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ತಣಿಸಿ, ಹಿಂದಕ್ಕೆ ಬಾಗಿಸಿ, ಬಿರುಕು ಬಂತೇ ಎಂದು ನೋಡುತ್ತಾರೆ. ಸೈಟಿನಲ್ಲಿ ನೀವು ನೋಡಬೇಕಾದದ್ದು ಮಡಿಕೆಯ ಹೊರಮೈಯಲ್ಲಿ, ಏಣಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ಎಂದು. ಇದ್ದರೆ ಆ ಭಾಗ ಕತ್ತರಿಸಿ ತೆಗೆಯಿರಿ. ಇಲ್ಲದಿದ್ದರೂ ನೇರ ಮಾಡಿದ ಜಾಗದಲ್ಲಿಯೇ ಇನ್ನೊಮ್ಮೆ ಬಾಗಿಸಬೇಡಿ, ಬೀಮಿನ ನಡುವಿನಂಥ ಹೆಚ್ಚು ಎಳೆತದ ಜಾಗಕ್ಕೆ ಅದನ್ನು ತರಬೇಡಿ. ಬೆಂಕಿ ಹಾಕಿ ಕೆಂಪಗೆ ಕಾಯಿಸಿ ನೇರ ಮಾಡುವುದಂತೂ ಬೇಡವೇ ಬೇಡ. ಟಿಎಂಟಿಯ ಬಲದ ದೊಡ್ಡ ಪಾಲು ತಯಾರಿಕೆಯಲ್ಲಿ ನೀರು ಹಾಯಿಸಿ ಗಟ್ಟಿಗೊಳಿಸಿದ ಹೊರಪದರದಲ್ಲಿದೆ, ಕಾಯಿಸಿದರೆ ಆ ಪದರ ಮೆತ್ತಗಾಗುತ್ತದೆ, ನೋಡಲು ಮಾತ್ರ ರಾಡ್ ಹಾಗೆಯೇ ಇರುತ್ತದೆ.

ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಚೆನ್ನಾಗಿತ್ತು. "ಸರ್, ಯೀಲ್ಡ್ ಆದ ಮೇಲೂ ಎಳೆದರೆ ಲೋಡ್ ಮತ್ತೆ ಏರುತ್ತದೆ ಎಂದು ಪುಸ್ತಕದಲ್ಲಿದೆ. ಹಾಗಾದರೆ ಒಮ್ಮೆ ಎಳೆದು ಬಿಟ್ಟ ರಾಡ್ ಮೊದಲಿಗಿಂತ ಬಲವಾಗುತ್ತದೆಯೇ?"

ಹೌದು, ಆಗುತ್ತದೆ. ನಮ್ಮ ರಾಡ್ 10 ಮಿ.ಮೀ. ಹಿಗ್ಗಿದಾಗ ಇನ್ನೂ ತಡವರಿಸುವ ಭಾಗದಲ್ಲೇ ಇತ್ತು, ಹಾಗಾಗಿ ಲಾಭವಿರಲಿಲ್ಲ. 50 ಮಿ.ಮೀ. ಎಳೆದಿದ್ದರೆ ಲೋಡ್ ಏರತೊಡಗುತ್ತಿತ್ತು. ಅಲ್ಲಿಂದ ಇಳಿಸಿ ಮತ್ತೆ ಎಳೆದರೆ ಹೊಸ ಯೀಲ್ಡ್ 250ಕ್ಕಿಂತ ಮೇಲೆ ಬರುತ್ತಿತ್ತು. ಟಿಎಂಟಿ ಬರುವ ಮೊದಲು ಬಳಕೆಯಲ್ಲಿದ್ದ ತಿರುಚಿದ ರಾಡ್‌ಗಳನ್ನು ಮಾಡುತ್ತಿದ್ದದ್ದು ಇದೇ ಉಪಾಯದಿಂದ. ತಣ್ಣಗಿರುವಾಗಲೇ ತಿರುಚಿ, ಯೀಲ್ಡ್ ದಾಟಿಸಿ, ಬಲ ಏರಿಸುತ್ತಿದ್ದರು. ಹಳೆಯ ಕಟ್ಟಡ ಒಡೆಯುವಾಗ ಸಿಗುವ, ಏಣು ಸುರುಳಿಯಾಗಿ ಸುತ್ತಿಕೊಂಡ ರಾಡ್‌ಗಳು ಅವೇ. ಈ ಬಲಕ್ಕೆ ಬೆಲೆ ತೆರಬೇಕಾದದ್ದು ಹಿಗ್ಗುವ ಶಕ್ತಿಯಲ್ಲಿ. ತುಂಡಾಗುವ ಮೊದಲು ಇಷ್ಟು ಹಿಗ್ಗಬಲ್ಲೆ ಎಂಬ ಒಟ್ಟು ಗಂಟಿನಲ್ಲಿ 50 ಮಿ.ಮೀ. ಆಗಲೇ ಖರ್ಚಾಗಿದೆ. ಹಳೆಯ ಸ್ಲ್ಯಾಬ್ ಒಡೆದು ತೆಗೆದ ರಾಡ್‌ಗಳನ್ನು ಸುತ್ತಿಗೆಯಿಂದ ಬಡಿದು ನೇರ ಮಾಡಿ ಮಾರುವವರಿದ್ದಾರೆ. ಅಂಥ ರಾಡ್‌ನ ತುಂಡನ್ನು ಯುಟಿಎಂನಲ್ಲಿಟ್ಟರೆ ಯೀಲ್ಡ್ ಲೋಡ್ ಚೆನ್ನಾಗಿಯೇ ಬರಬಹುದು, ಅದನ್ನಷ್ಟೇ ನೋಡಿ ಪಾಸ್ ಮಾಡಬೇಡಿ. ತುಂಡಾದ ಎರಡು ಭಾಗಗಳನ್ನು ಜೋಡಿಸಿ, ಮೊದಲೇ ಗುರುತಿಟ್ಟ 60 ಮಿ.ಮೀ. ಎಷ್ಟಾಗಿದೆ ಎಂದು ಅಳೆಯಿರಿ. ಎಫ್‌ಇ 500ಗೆ ಅದು ಕನಿಷ್ಠ 12 ಪ್ರತಿಶತ ಹಿಗ್ಗಿರಬೇಕು, ಅಂದರೆ 67.2 ಮಿ.ಮೀ. ಮುಟ್ಟಿರಬೇಕು.